ಡಿಎಲ್‌ಪಿ ಮುಗಿದ ಮೇಲೆ ಸೆಕ್ಯುರಿಟಿ ಡೆಪಾಸಿಟ್ ಬಿಡಿಸಿಕೊಂಡ ಬಗೆ

ಕಟ್ಟಡ ಕೆಲಸದ ಪ್ರತಿ ಬಿಲ್ಲಿನಲ್ಲೂ ಇಲಾಖೆ ಒಂದಷ್ಟು ಹಣ ಹಿಡಿದುಕೊಳ್ಳುತ್ತದೆ. ಕೆಲಸ ಮುಗಿದು, ದೋಷ ಹೊಣೆಗಾರಿಕೆ ಅವಧಿ ಕಳೆದ ಮೇಲೆ ಅದು ವಾಪಸ್ ಬರಬೇಕು. ನಾವು ಡಿಎಲ್‌ಪಿ ಎನ್ನುವುದು ಈ ಅವಧಿಯನ್ನೇ. ಆದರೆ ಅವಧಿ ಮುಗಿದ ಮರುದಿನ ಆ ಹಣ ತಾನಾಗಿ ಹೊರಡುವುದಿಲ್ಲ. ಯಾರೋ ಒಬ್ಬರು ಫೈಲು ತೆರೆದು ನೋಟ್ ಹಾಕಬೇಕು, ಆ ನೋಟ್‌ಗೆ ಆಧಾರ ಬೇಕು, ಆ ಆಧಾರವನ್ನು ಗುತ್ತಿಗೆದಾರನೇ ಒದಗಿಸಬೇಕು. ಬೆಂಗಳೂರಿನ ಕೇಂದ್ರ ಸರ್ಕಾರಿ ಸಂಸ್ಥೆಯೊಂದರ ವಿದ್ಯಾರ್ಥಿನಿಲಯದ ಕೆಲಸದಲ್ಲಿ ಈ ಹಣ ನಮ್ಮ ಖಾತೆಗೆ ಬಂದಿದೆ. ಒಪ್ಪಂದ ಸಿಪಿಡಬ್ಲ್ಯುಡಿ ನಮೂನೆಯದು. ಇದೇ ನಮೂನೆಯಲ್ಲಿ ಕೆಲಸ ಮಾಡುತ್ತಿರುವವರಿಗೆ ಉಪಯೋಗವಾಗಲಿ ಎಂದು ಪತ್ರ, ಅದರ ಹಿಂದಿನ ದಾಖಲೆ, ನಡುವೆ ಎದುರಾದ ಅಡ್ಡಿ ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಿ ತಿಳಿಯಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಮೊದಲು ಹಣದ ಲೆಕ್ಕ. ನಮ್ಮ ಒಪ್ಪಂದದ ಷರತ್ತು 1ಎ ಪ್ರಕಾರ ಪ್ರತಿ ಬಿಲ್ಲಿನ ಒಟ್ಟು ಮೊತ್ತದ ಶೇ. 2.5ರಷ್ಟನ್ನು ಹಿಡಿಯುತ್ತಾರೆ. ಹಿಡಿದದ್ದೆಲ್ಲ ಸೇರಿ ಟೆಂಡರ್ ಮೊತ್ತದ ಶೇ. 2.5 ಆದಾಗ ನಿಲ್ಲಿಸಬೇಕು. ಟೆಂಡರ್ ಮೊತ್ತ 1,84,00,000 ರೂಪಾಯಿ ಇದ್ದದ್ದರಿಂದ ಗರಿಷ್ಠ ಡೆಪಾಸಿಟ್ 4,60,000. ಮೂರು ಆರ್‌ಎ ಬಿಲ್ಲುಗಳು ಕ್ರಮವಾಗಿ 42 ಲಕ್ಷ, 56 ಲಕ್ಷ, 48 ಲಕ್ಷ. ಅವುಗಳಿಂದ 1,05,000, 1,40,000 ಮತ್ತು 1,20,000 ಹೀಗೆ 3,65,000 ಕಡಿತವಾಗಿತ್ತು. ಹೆಚ್ಚುವರಿ ಕೆಲಸ ಸೇರಿ ಒಟ್ಟು ಕೆಲಸ 1,90,00,000 ಆಯಿತು, ಅಂದರೆ ಫೈನಲ್ ಬಿಲ್ಲಿಗೆ ಉಳಿದದ್ದು 44 ಲಕ್ಷ. ಅಲ್ಲಿ 95,000 ಮಾತ್ರ ಹಿಡಿಯಬೇಕಿತ್ತು. ಆದರೆ ಲೆಕ್ಕ ಶಾಖೆ ಎಂದಿನ ರೂಢಿಯಂತೆ 44 ಲಕ್ಷಕ್ಕೂ ಶೇ. 2.5 ಹಾಕಿ 1,10,000 ಹಿಡಿದಿತ್ತು. ಹೀಗಾಗಿ ಡೆಪಾಸಿಟ್ ರಿಜಿಸ್ಟರಿನಲ್ಲಿ ನಮ್ಮ ಹೆಸರಿನಲ್ಲಿ ಇದ್ದದ್ದು 4,75,000. ಮಿತಿಗಿಂತ 15,000 ಜಾಸ್ತಿ.

ಟೆಂಡರ್ ಮೊತ್ತಕ್ಕಿಂತ ಹೆಚ್ಚು ಕೆಲಸ ಆಗಿದ್ದರೆ ಈ ಲೆಕ್ಕವನ್ನು ಮಾಡಲೇಬೇಕು. ಹೆಚ್ಚುವರಿಯಾಗಿ ಹಿಡಿದ ಹಣಕ್ಕೆ ಡಿಎಲ್‌ಪಿ ಮುಗಿಯುವವರೆಗೆ ಕಾಯುವ ಕಾರಣವೇ ಇಲ್ಲ, ಅದನ್ನು ಕೂಡಲೇ ಕೇಳಬಹುದು. ಪ್ರತಿ ಬಿಲ್ಲಿನ ಕೊನೆಯ ಪುಟದಲ್ಲಿ ಪಾವತಿಯ ವಿವರ ಇರುತ್ತದೆ. ಒಟ್ಟು ಮೊತ್ತ, ಟಿಡಿಎಸ್, ಸೆಸ್, ಡೆಪಾಸಿಟ್ ಪ್ರತ್ಯೇಕವಾಗಿ ಕಾಣುವ ಆ ಪುಟದ ಪ್ರತಿಯನ್ನು ಬಿಲ್ ಪಾಸಾದಾಗಲೇ ತೆಗೆದಿಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಕೇಳಿದರೆ ಬಿಲ್ಲು ಆಡಿಟ್‌ಗೆ ಹೋಗಿದೆ ಎನ್ನುವ ಉತ್ತರ ಸಿಗುತ್ತದೆ.

ಇನ್ನೊಂದು ಹಣವೂ ಇತ್ತು. ಟೆರೇಸಿನ ಜಲನಿರೋಧಕ ಕೆಲಸಕ್ಕೆ ಒಪ್ಪಂದದ ವಿಶೇಷ ಷರತ್ತಿನಲ್ಲಿ ಹತ್ತು ವರ್ಷದ ಗ್ಯಾರಂಟಿ ಬಾಂಡ್ ಕೇಳಿದ್ದರು. ಜೊತೆಗೆ ಆ ಐಟಂಗಳ ಬೆಲೆಯ ಶೇ. 10ರಷ್ಟನ್ನು ಪ್ರತ್ಯೇಕವಾಗಿ ಹಿಡಿಯುತ್ತಾರೆ. ಐದು ವರ್ಷದ ನಂತರ ಅದರಲ್ಲಿ ಅರ್ಧ, ಹತ್ತು ವರ್ಷದ ನಂತರ ಉಳಿದರ್ಧ ಬಿಡುತ್ತಾರೆ. ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೊಟ್ಟರೆ ನಗದನ್ನು ಮೊದಲೇ ಪಡೆಯಬಹುದು. ನಮ್ಮಲ್ಲಿ ಆ ಐಟಂಗಳು 6,20,000 ರೂಪಾಯಿಯವು, ಹಿಡಿದದ್ದು 62,000. ಇದನ್ನೂ ಸೆಕ್ಯುರಿಟಿ ಡೆಪಾಸಿಟನ್ನೂ ಒಂದೇ ಪತ್ರದಲ್ಲಿ ಕಲಸಿ ಕೇಳಿದರೆ ಲೆಕ್ಕ ಶಾಖೆಯವರು ಜಲನಿರೋಧಕ ಗ್ಯಾರಂಟಿ ಬಾಕಿ ಇದೆ ಎಂದು ಇಡೀ ಮೊತ್ತವನ್ನೇ ತಡೆಯುತ್ತಾರೆ. ಹಾಗಾಗಿ ಪತ್ರದಲ್ಲಿ ಈ 62,000ವನ್ನು ಈಗ ಕೇಳುತ್ತಿಲ್ಲ ಎಂದು ಬಿಡಿಸಿ ಬರೆದೆವು. ಕೆಲಸ ಮುಗಿದಾಗ ಹಿಂತಿರುಗಿಸುವ ಪರ್ಫಾರ್ಮೆನ್ಸ್ ಗ್ಯಾರಂಟಿಯ ವಿಷಯವನ್ನೂ ಈ ಪತ್ರಕ್ಕೆ ತರಬಾರದು.

ಇನ್ನು ದಿನಾಂಕ. ಅತಿ ಹೆಚ್ಚು ಎಳೆದಾಟ ಆದದ್ದು ಇಲ್ಲಿ. ನಮ್ಮ ಕೆಲಸಕ್ಕೆ ಮೂರು ತಾರೀಖುಗಳಿದ್ದವು. ಕೆಲಸ ಭೌತಿಕವಾಗಿ ಮುಗಿದದ್ದು 2022ರ ಮೇ 31. ಸಣ್ಣಪುಟ್ಟ ಬಾಕಿಗಳನ್ನು ಪಟ್ಟಿ ಮಾಡಿ ತಾತ್ಕಾಲಿಕ ಪೂರ್ಣತಾ ಪ್ರಮಾಣಪತ್ರ ಕೊಟ್ಟದ್ದು 2022ರ ಜೂನ್ 20. ಬಾಕಿ ಮುಗಿಸಿದ ಮೇಲೆ ಅಂತಿಮ ಪ್ರಮಾಣಪತ್ರ ಬಂದದ್ದು 2022ರ ಅಕ್ಟೋಬರ್ 14. ಷರತ್ತು 8ರಲ್ಲಿ ಈ ಎರಡೂ ಬಗೆಯ ಪ್ರಮಾಣಪತ್ರಕ್ಕೆ ಅವಕಾಶ ಇದೆ. ಕೆಲಸ ಮುಗಿದ ಹತ್ತು ದಿನದೊಳಗೆ ನಾವು ತಿಳಿಸಬೇಕು, ತಿಳಿಸಿದ ಮೂವತ್ತು ದಿನದೊಳಗೆ ಇಂಜಿನಿಯರ್ ಪರಿಶೀಲಿಸಬೇಕು. ದೋಷ ಇಲ್ಲದಿದ್ದರೆ ಅಂತಿಮ, ಇದ್ದರೆ ತಾತ್ಕಾಲಿಕ ಪ್ರಮಾಣಪತ್ರ.

“ಫೈನಲ್ ಸರ್ಟಿಫಿಕೇಟ್ ತಾರೀಖಿನಿಂದಲೇ ನಾವು ವರ್ಷ ಎಣಿಸೋದು ಸಾರ್, ಅಕ್ಟೋಬರ್ ಆದ್ಮೇಲೆ ಬನ್ನಿ” ಎಂದರು ಲೆಕ್ಕ ಶಾಖೆಯವರು. ಷರತ್ತು 17 ಹೇಳುವುದು ಬೇರೆ. ಅಂತಿಮವೋ ಬೇರೆ ಬಗೆಯದೋ, ಪೂರ್ಣತಾ ಪ್ರಮಾಣಪತ್ರ ಕೊಟ್ಟಂದಿನಿಂದ ಹನ್ನೆರಡು ತಿಂಗಳೊಳಗೆ ಕಾಣಿಸಿದ ದೋಷಕ್ಕೆ ಗುತ್ತಿಗೆದಾರ ಹೊಣೆ ಎನ್ನುತ್ತದೆ ಅದು. ತಾತ್ಕಾಲಿಕ ಪ್ರಮಾಣಪತ್ರವೂ ‘ಬೇರೆ ಬಗೆಯದು’ ಎಂಬುದರೊಳಗೆ ಬರುತ್ತದೆ. ಆದ್ದರಿಂದ ನಮ್ಮ ಅವಧಿ 2022ರ ಜೂನ್ 20ಕ್ಕೆ ಶುರುವಾಗಿ 2023ರ ಜೂನ್ 19ಕ್ಕೆ ಮುಗಿಯುತ್ತದೆ. ಮೇ 31ರಿಂದ ಎಣಿಸಿ ಕೇಳುವುದೂ ಸರಿಯಲ್ಲ, ಏಕೆಂದರೆ ಷರತ್ತು ಹೇಳುವುದು ಪ್ರಮಾಣಪತ್ರ ಕೊಟ್ಟ ದಿನವನ್ನು, ಕೆಲಸ ಮುಗಿದ ದಿನವನ್ನಲ್ಲ. ಮೂರು ವಾರ ಮೊದಲೇ ಕೇಳಿ ಪತ್ರ ವಾಪಸ್ ಬಂದರೆ ಫೈಲಿನಲ್ಲಿ ‘ಅಕಾಲಿಕ ಕೋರಿಕೆ’ ಎಂಬ ನೋಟ್ ಕೂತುಬಿಡುತ್ತದೆ, ಮುಂದಿನ ಪತ್ರವನ್ನು ಓದುವವರು ಅದನ್ನೇ ಮೊದಲು ಓದುತ್ತಾರೆ.

ಅದೇ ಷರತ್ತಿನ ಕೊನೆಯಲ್ಲಿ ಇನ್ನೊಂದು ಮಾತಿದೆ: ಹನ್ನೆರಡು ತಿಂಗಳು ಮುಗಿಯುವುದು ಅಥವಾ ಫೈನಲ್ ಬಿಲ್ ಪಾಸಾಗುವುದು, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಡೆಪಾಸಿಟ್ ಹಿಂತಿರುಗಿಸುವಂತಿಲ್ಲ. ನಮ್ಮ ಫೈನಲ್ ಬಿಲ್ 2023ರ ಫೆಬ್ರುವರಿಯಲ್ಲಿ ಪಾಸಾಗಿದ್ದರಿಂದ ಅಡ್ಡಿಯಾಗಲಿಲ್ಲ. ಫೈನಲ್ ಬಿಲ್ಲನ್ನು ವಿವಾದದಲ್ಲಿಟ್ಟುಕೊಂಡು ಸಹಿ ಹಾಕದೆ ಕೂತವರಿಗೆ ಡಿಎಲ್‌ಪಿ ಮುಗಿದರೂ ಈ ಹಣ ಸಿಗುವುದಿಲ್ಲ. ಅಂಥವರು ಒಪ್ಪಿದ ಭಾಗಕ್ಕೆ ಬಿಲ್ ಪಾಸ್ ಮಾಡಿಸಿಕೊಂಡು, ವಿವಾದದ ಐಟಂಗಳನ್ನು ಆಕ್ಷೇಪಣೆಯೊಂದಿಗೆ ಬೇರೆಯಾಗಿ ಉಳಿಸಿಕೊಳ್ಳುವುದು ಒಳ್ಳೆಯದು. ಅವಧಿ ಎಲ್ಲ ಒಪ್ಪಂದದಲ್ಲೂ ಹನ್ನೆರಡು ತಿಂಗಳೇ ಇರುವುದಿಲ್ಲ. ಸಣ್ಣ ಕೆಲಸಗಳಿಗೆ ಕಡಿಮೆ, ಕೆಲವು ಒಪ್ಪಂದಗಳಲ್ಲಿ ಹೆಚ್ಚು ಇರುತ್ತದೆ. ನಿಮ್ಮದರಲ್ಲಿ ಎಷ್ಟೆಂದು ಷರತ್ತು 17ರ ಜೊತೆ ಶೆಡ್ಯೂಲ್ ಎಫ್ ಅನ್ನೂ ಓದಿ ತಿಳಿದುಕೊಳ್ಳಿ.

ಈಗ ದೋಷಗಳ ವಿಷಯ. ಅವಧಿಯೊಳಗೆ ಇಲಾಖೆಯಿಂದ ಮೂರು ಪತ್ರಗಳು ಬಂದವು, ಒಟ್ಟು ಒಂಬತ್ತು ಐಟಂ. ಆಗಸ್ಟ್ ಮಳೆಗೆ ಮೇಲಂತಸ್ತಿನ ಕಾರಿಡಾರಿನ ಸೀಲಿಂಗಿನಲ್ಲಿ ಎರಡು ಕಡೆ ತೇವ. ನವೆಂಬರಿನಲ್ಲಿ ಎರಡು ಸ್ನಾನಗೃಹಗಳ ಕೆಳಗೆ ಸೋರಿಕೆ, ಎರಡು ಕೋಣೆಗಳಲ್ಲಿ ಬೀಮಿನಡಿ ಉದ್ದಕ್ಕೆ ಬಿರುಕು. ಫೆಬ್ರುವರಿಯಲ್ಲಿ ಮೂರು ಬಾಗಿಲುಗಳ ತೊಂದರೆ. ಒಂದೊಂದನ್ನೂ ಸರಿಪಡಿಸಿದ ರೀತಿ ಬರೆಯಲು ಕಾರಣ ಇದೆ: ಪತ್ರದಲ್ಲಿ “ಎಲ್ಲ ದೋಷ ಸರಿಪಡಿಸಲಾಗಿದೆ” ಎಂದಷ್ಟೇ ಬರೆದರೆ ಯಾವ ಇಂಜಿನಿಯರೂ ಅದರ ಮೇಲೆ ಸಹಿ ಹಾಕುವುದಿಲ್ಲ. ಏನು ಕಾರಣ, ಏನು ಮಾಡಿದೆವು, ಹೇಗೆ ಪರೀಕ್ಷಿಸಿದೆವು ಎಂಬ ಮೂರು ಮಾತು ಇದ್ದರೆ ಹಾಕುತ್ತಾರೆ.

ಕಾರಿಡಾರಿನ ತೇವಕ್ಕೆ ಕಾರಣ ಇಡೀ ಟೆರೇಸ್ ಆಗಿರಲಿಲ್ಲ. ತೇವ ಕಂಡ ಎರಡೂ ಜಾಗ ಮಳೆನೀರಿನ ಪೈಪಿನ ಬಾಯಿಯ ಕೆಳಗೇ ಇದ್ದವು. ಪೈಪ್ ಸ್ಲ್ಯಾಬನ್ನು ದಾಟುವ ಕಡೆ ಸುತ್ತಲಿನ ಸಂದು ಬಿಟ್ಟಿತ್ತು, ನೀರು ಪೈಪಿನ ಬಾಯಿಯ ಸುತ್ತ ಇಳಿಜಾರಾಗಿ ಕಟ್ಟಿದ ಖುರ್ರಾದ ಅಡಿಯಿಂದ ಇಳಿಯುತ್ತಿತ್ತು. 45 ಸೆಂ.ಮೀ. ಚೌಕದ ಖುರ್ರಾವನ್ನು ಸ್ಲ್ಯಾಬಿನವರೆಗೆ ಒಡೆದು, ಪೈಪಿನ ಸುತ್ತ ಕುಗ್ಗದ ಗ್ರೌಟ್ ತುಂಬಿ, ಅದರ ಮೇಲೆ ಪಾಲಿಮರ್ ಸಿಮೆಂಟ್ ಲೇಪ ಎರಡು ಕೋಟು ಹೊಡೆದೆವು. ಎರಡು ಕೋಟಿನ ನಡುವೆ ಫೈಬರ್ ಜಾಲರಿ ಹಾಕಿ, ಲೇಪವನ್ನು ಪೈಪಿನ ಬಾಯೊಳಗೂ ಇಳಿಸಿದೆವು. ನಂತರ 400 ಮೈಕ್ರಾನ್ ಪಿವಿಸಿ ಹಾಳೆ, 1:2:4 ಕಾಂಕ್ರೀಟ್ 5 ಸೆಂ.ಮೀ., ಮೇಲೆ 1:3 ಗಾರೆ. ಗಾರೆ ಗಟ್ಟಿಯಾದ ಮೇಲೆ ಪೈಪಿನ ಬಾಯಿ ಮುಚ್ಚಿ, ಸುತ್ತ ಮಣ್ಣಿನ ಬದು ಕಟ್ಟಿ 48 ಗಂಟೆ ನೀರು ನಿಲ್ಲಿಸಿದೆವು. ಕೆಳಗೆ ತೇವ ಬರಲಿಲ್ಲ. ನೀರು ನಿಂತಿರುವಾಗಲೇ ಜೆಇ ಅವರನ್ನು ಕರೆದು ತೋರಿಸಿದ್ದು ಮುಂದೆ ಬಹಳ ಕೆಲಸಕ್ಕೆ ಬಂತು.

ಸ್ನಾನಗೃಹದಲ್ಲಿ ಮೊದಲು ಎರಡು ಅನುಮಾನಗಳನ್ನು ಬೇರ್ಪಡಿಸಬೇಕು: ತಗ್ಗಿಸಿದ ಸ್ಲ್ಯಾಬಿನ ಲೇಪ ಕೆಟ್ಟಿದೆಯೋ, ಪೈಪಿನ ಜೋಡಣೆ ಸೋರುತ್ತಿದೆಯೋ. ನಹಾನಿ ಟ್ರ್ಯಾಪಿಗೆ ಬಿಗಿಯಾಗಿ ಬಿರಡೆ ಹಾಕಿ ನೆಲದ ಮೇಲೆ ನೀರು ನಿಲ್ಲಿಸಿ. ಎರಡು ದಿನವಾದರೂ ಕೆಳಗೆ ತೇವ ಹೆಚ್ಚದಿದ್ದರೆ ಲೇಪ ಸರಿ ಇದೆ. ಆಮೇಲೆ ಬಿರಡೆ ತೆಗೆದು ನೀರು ಹರಿಯಬಿಟ್ಟಾಗ ತೇವ ಬಂದರೆ ತೊಂದರೆ ಟ್ರ್ಯಾಪಿನ ಕೆಳಗಿನ ಜೋಡಣೆಯಲ್ಲಿದೆ. ನಮ್ಮಲ್ಲಿ ಎರಡೂ ಕಡೆ ಜೋಡಣೆಯದೇ ತೊಂದರೆ. ಈ ಪರೀಕ್ಷೆ ಮಾಡದೆ ಹೋಗಿದ್ದರೆ ನೆಲದ ಟೈಲ್ಸ್ ಪೂರ್ತಿ ಕೀಳಬೇಕಾಗುತ್ತಿತ್ತು. ಮಾಡಿದ್ದರಿಂದ ಟ್ರ್ಯಾಪಿನ ಸುತ್ತಲಿನ ಟೈಲ್ಸ್ ಮಾತ್ರ ಕಿತ್ತೆವು.

ಬೀಮಿನಡಿಯ ಬಿರುಕು ಕಾಂಕ್ರೀಟೂ ಬ್ಲಾಕ್ ಗೋಡೆಯೂ ಸೇರುವ ಗೆರೆಯಲ್ಲಿ ಬಂದದ್ದು. ಎರಡು ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಅಲ್ಲಿ ಗಾರೆ ಸೀಳುತ್ತದೆ. ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಅದೇ ಗೆರೆ ಮತ್ತೆ ಏಳುತ್ತದೆ, ಎದ್ದರೆ ದೋಷ ಮತ್ತೆ ತೆರೆದಂತೆ. ಆದ್ದರಿಂದ ಗೆರೆಯ ಎರಡೂ ಬದಿ 15 ಸೆಂ.ಮೀ. ಗಾರೆ ತೆಗೆದು, ಕೋಳಿಬಲೆ ಬಡಿದು, ಮತ್ತೆ ಗಾರೆ ಮಾಡಿ, ಏಳು ದಿನ ನೀರುಣಿಸಿ, ಆಮೇಲೆ ಬಣ್ಣ. ಬಾಗಿಲುಗಳಿಗೆ ಹಿಂಜ್ ಬದಲಿಸಿ ಅಂಚು ಹದಮಾಡಿದ್ದು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಕೆಲಸಕ್ಕಿಂತ ಹೆಚ್ಚು ಜಾಗ್ರತೆ ಬೇಕಾದದ್ದು ಕೆಲಸ ಮುಗಿದ ಮೇಲಿನ ಕಾಗದಕ್ಕೆ. ಪ್ರತಿ ಐಟಮಿಗೂ ಒಂದು ಜಂಟಿ ಪರಿಶೀಲನಾ ಟಿಪ್ಪಣಿ ಮಾಡಿಸಿದೆವು. ಅದರಲ್ಲಿ ಇಲಾಖೆಯ ಪತ್ರದ ಸಂಖ್ಯೆ ಮತ್ತು ತಾರೀಖು, ಐಟಂ ಸಂಖ್ಯೆ, ಕೋಣೆಯ ಸಂಖ್ಯೆ, ಮಾಡಿದ ಕೆಲಸ, ಪರೀಕ್ಷೆಯ ಫಲಿತಾಂಶ, ಜೆಇ ಸಹಿ, ನಿಲಯದ ಮೇಲ್ವಿಚಾರಕರ ಸಹಿ. ಇಲಾಖೆಯ ಪತ್ರದ ಸಂಖ್ಯೆಯನ್ನು ಬಿಟ್ಟರೆ ಟಿಪ್ಪಣಿ ಇದ್ದೂ ಇಲ್ಲದಂತೆ. ಏಕೆಂದರೆ ಫೈಲು ನೋಡುವವರು ತಮ್ಮ ಪತ್ರವನ್ನು ಹಿಡಿದು ಅದಕ್ಕೆ ಉತ್ತರ ಎಲ್ಲಿದೆ ಎಂದು ಹುಡುಕುತ್ತಾರೆ. ಫೋಟೊ ತೆಗೆಯುವಾಗ ಚೌಕಟ್ಟಿನೊಳಗೆ ಕೋಣೆಯ ಸಂಖ್ಯೆ ಬರುವಂತೆ ಒಂದು ಕಾಗದ ಹಿಡಿಸಿ. ಬಿರುಕಿನ ಮುಂಚಿನ ಮತ್ತು ನಂತರದ ಫೋಟೊಗಳನ್ನು ಒಂದೇ ಕೋನದಿಂದ ತೆಗೆಯಿರಿ. ಬರೀ ಗೋಡೆಯ ಫೋಟೊ ಯಾವ ಕೋಣೆಯದಾದರೂ ಆಗಬಹುದು.

ಜೆಇ ವರ್ಗವಾಗಿ ಹೋಗುವುದು ಇಂಥ ಕೆಲಸದಲ್ಲಿ ಸಾಮಾನ್ಯ. ನಮ್ಮ ಮೊದಲ ಎರಡು ಪತ್ರಗಳ ಟಿಪ್ಪಣಿಗೆ ಸಹಿ ಹಾಕಿದವರು ಮೂರನೆಯದರ ಹೊತ್ತಿಗೆ ಇರಲಿಲ್ಲ. ಹೊಸಬರು ಹಳೆಯ ದೋಷದ ಬಗ್ಗೆ ಸಹಿ ಹಾಕಲು ಹಿಂಜರಿಯುವುದು ಸಹಜ, ಅವರು ಕಣ್ಣಾರೆ ಕಂಡಿಲ್ಲವಲ್ಲ. ಹಿಂದಿನವರ ಸಹಿ ಆಗಲೇ ಇದ್ದದ್ದರಿಂದ ನಾವು ಪಾರಾದೆವು. ಅವಧಿ ಮುಗಿದ ಮೇಲೆ ಒಟ್ಟಿಗೆ ಎಲ್ಲಕ್ಕೂ ಸಹಿ ಪಡೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕಾರ್ಮಿಕ ಕ್ಲಿಯರೆನ್ಸ್ ಎಂಬುದು ಬಹಳ ಜನ ಕೊನೆಯಲ್ಲಿ ಎಡವುವ ಕಲ್ಲು. ಷರತ್ತು 45ರ ಪ್ರಕಾರ ಕಾರ್ಮಿಕ ಅಧಿಕಾರಿಯ ಪ್ರಮಾಣಪತ್ರ ಇಲ್ಲದೆ ಡೆಪಾಸಿಟ್ ಬಿಡುವಂತಿಲ್ಲ. ಕೆಲಸ ಬಹುತೇಕ ಮುಗಿಯುತ್ತಿದ್ದಂತೆ ನಾವು ಅರ್ಜಿ ಹಾಕಿ ಇಂಜಿನಿಯರಿಗೆ ತಿಳಿಸಬೇಕು, ಯಾವುದಾದರೂ ದೂರು ಬಾಕಿ ಇದೆಯೇ ಎಂದು ಇಂಜಿನಿಯರ್ ಆ ಅಧಿಕಾರಿಗೆ ಬರೆಯಬೇಕು. ಕೆಲಸ ಮುಗಿದು ಆರು ತಿಂಗಳಾದರೂ ಆ ಕಚೇರಿಯಿಂದ ಉತ್ತರ ಬರದಿದ್ದರೆ ಕ್ಲಿಯರೆನ್ಸ್ ಸಿಕ್ಕಿದಂತೆಯೇ ಎಂದು ಅದೇ ಷರತ್ತು ಹೇಳುತ್ತದೆ. “ಸರ್ಟಿಫಿಕೇಟ್ ತಂದುಕೊಡಿ” ಎಂದು ನಮಗೂ ಹೇಳಿದರು. 2022ರ ಜೂನ್ ಮೊದಲ ವಾರದಲ್ಲಿ ಹಾಕಿದ ಅರ್ಜಿಯ ಪ್ರತಿ, ಇಂಜಿನಿಯರಿಗೆ ತಿಳಿಸಿದ ಪತ್ರದ ಮೇಲಿನ ಇನ್‌ವರ್ಡ್ ಸೀಲು ಎರಡೂ ಕೈಯಲ್ಲಿದ್ದವು. ಆರು ತಿಂಗಳು ನವೆಂಬರ್ 30ಕ್ಕೆ ಮುಗಿದಿತ್ತು, ಹಾಗಾಗಿ ಪ್ರಮಾಣಪತ್ರಕ್ಕಾಗಿ ಅಲೆಯುವ ಬದಲು ಆ ಸಾಲನ್ನೇ ಪತ್ರದಲ್ಲಿ ಎತ್ತಿ ಹೇಳಿದೆವು. ಇನ್‌ವರ್ಡ್ ಸೀಲು ಇಲ್ಲದ ಪ್ರತಿಗೆ ಇಲ್ಲಿ ಬೆಲೆ ಇಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು, ಸಂಖ್ಯೆ, ತಾರೀಖು ಹಾಕಿಸಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು.

ಪತ್ರವನ್ನು ಜೂನ್ ಕೊನೆಯ ವಾರದಲ್ಲಿ ಕೊಟ್ಟೆವು. ಕೇಂದ್ರದ ಕಚೇರಿಯಾದ್ದರಿಂದ ಅದು ಇಂಗ್ಲಿಷಿನಲ್ಲಿತ್ತು, ಅದರ ಹೂರಣವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಬರೆಯುವಾಗ ಒಂದು ಯೋಚನೆ ಇತ್ತು: ಇದನ್ನು ಓದುವ ಗುಮಾಸ್ತರು ಇದೇ ಕ್ರಮದಲ್ಲಿ ತಮ್ಮ ನೋಟ್ ಶೀಟ್ ಬರೆಯುವಂತಾಗಬೇಕು.

> ವಿಷಯ: ವಿದ್ಯಾರ್ಥಿನಿಲಯ ಕಟ್ಟಡ ಕಾಮಗಾರಿ, ಒಪ್ಪಂದ ಸಂಖ್ಯೆ (…). ದೋಷ ಹೊಣೆಗಾರಿಕೆ ಅವಧಿ ಮುಗಿದಿರುವುದರಿಂದ ಸೆಕ್ಯುರಿಟಿ ಡೆಪಾಸಿಟ್ ಬಿಡುಗಡೆ ಕೋರಿಕೆ.
>
> ಮಾನ್ಯರೇ,
>
> 1. ಮೇಲಿನ ಕಾಮಗಾರಿಗೆ ಷರತ್ತು 8ರಂತೆ ತಾತ್ಕಾಲಿಕ ಪೂರ್ಣತಾ ಪ್ರಮಾಣಪತ್ರವನ್ನು 20-06-2022ರಂದೂ ಅಂತಿಮ ಪ್ರಮಾಣಪತ್ರವನ್ನು 14-10-2022ರಂದೂ ನೀಡಲಾಗಿದೆ. ಅಂತಿಮ ಅಥವಾ ಇತರ ಪ್ರಮಾಣಪತ್ರದಿಂದ ಹನ್ನೆರಡು ತಿಂಗಳು ಎಂದು ಷರತ್ತು 17 ಹೇಳುವುದರಿಂದ ಅವಧಿಯು 19-06-2023ಕ್ಕೆ ಮುಗಿದಿದೆ. ಫೈನಲ್ ಬಿಲ್ ಫೆಬ್ರುವರಿ 2023ರಲ್ಲಿ ಪಾಸಾಗಿದೆ.
>
> 2. ಅವಧಿಯಲ್ಲಿ ತಮ್ಮ ಮೂರು ಪತ್ರಗಳ ಮೂಲಕ ತಿಳಿಸಿದ ಒಂಬತ್ತು ದೋಷಗಳನ್ನೂ ಸರಿಪಡಿಸಿ, ಜಂಟಿ ಪರಿಶೀಲನೆ ನಡೆಸಲಾಗಿದೆ. ಪತ್ರವಾರು ವಿವರ ಅನುಬಂಧ 1ರಲ್ಲಿದೆ, ಸಹಿ ಮಾಡಿದ ಟಿಪ್ಪಣಿಗಳು ಅನುಬಂಧ 2ರಲ್ಲಿವೆ. ಇನ್ನಾವ ನೋಟಿಸೂ ಬಾಕಿ ಇಲ್ಲ.
>
> 3. ಷರತ್ತು 45ರಂತೆ ಕಾರ್ಮಿಕ ಕ್ಲಿಯರೆನ್ಸಿಗೆ ಜೂನ್ 2022ರಲ್ಲೇ ಅರ್ಜಿ ಸಲ್ಲಿಸಿ ತಮಗೂ ತಿಳಿಸಲಾಗಿದೆ (ಅನುಬಂಧ 3). ಕೆಲಸ ಮುಗಿದು ಆರು ತಿಂಗಳೊಳಗೆ ಯಾವ ದೂರೂ ತಿಳಿದುಬಂದಿಲ್ಲವಾದ್ದರಿಂದ ಆ ಷರತ್ತಿನ ಪ್ರಕಾರ ಕ್ಲಿಯರೆನ್ಸ್ ದೊರೆತಂತಾಗಿದೆ.
>
> 4. ಹಿಡಿದಿರುವ ಮೊತ್ತ ರೂ. 4,75,000 (ಬಿಲ್ಲುವಾರು ವಿವರ ಅನುಬಂಧ 4). ಇದರಲ್ಲಿ ರೂ. 4,60,000 ಷರತ್ತು 1ಎ ಮಿತಿಯೊಳಗಿನ ಡೆಪಾಸಿಟ್, ರೂ. 15,000 ಮಿತಿ ಮೀರಿ ಕಡಿತವಾದದ್ದು. ಎರಡನ್ನೂ ಬಿಡುಗಡೆ ಮಾಡಬೇಕೆಂದು ಕೋರುತ್ತೇವೆ. ಜಲನಿರೋಧಕ ಕೆಲಸದ ಗ್ಯಾರಂಟಿಗಾಗಿ ಪ್ರತ್ಯೇಕವಾಗಿ ಹಿಡಿದಿರುವ ರೂ. 62,000 ಈ ಕೋರಿಕೆಗೆ ಸೇರಿಲ್ಲ.
>
> 5. ಬಿಡುಗಡೆಗೆ ಯಾವುದಾದರೂ ಷರತ್ತು ಈಡೇರಿಲ್ಲವೆಂದು ತಾವು ಭಾವಿಸಿದರೆ, ಆ ಷರತ್ತಿನ ಸಂಖ್ಯೆ ಮತ್ತು ಅದಕ್ಕೆ ಸಂಬಂಧಿಸಿದ ಮೊತ್ತವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಐದನೆಯ ಪ್ಯಾರಾವನ್ನು ದಯವಿಟ್ಟು ಬಿಡಬೇಡಿ. “ಪರಿಶೀಲನೆಯಲ್ಲಿದೆ” ಎಂಬ ಉತ್ತರಕ್ಕೆ ಅದು ಜಾಗ ಬಿಡುವುದಿಲ್ಲ. ಇನ್ನೊಂದು ಪ್ರಯೋಜನವೂ ಇದೆ. ಅಂತರರಾಷ್ಟ್ರೀಯ ಗುತ್ತಿಗೆ ನಮೂನೆಯಾದ ಫಿಡಿಕ್ 1999ರ ಕೆಂಪು ಪುಸ್ತಕದ 14.9ನೇ ಷರತ್ತಿನಲ್ಲಿ ಒಂದು ಕೆಲಸ ಬಾಕಿ ಇದ್ದರೆ ಅದರ ಅಂದಾಜು ವೆಚ್ಚವನ್ನಷ್ಟೇ ತಡೆಹಿಡಿದು ಉಳಿದದ್ದಕ್ಕೆ ಪ್ರಮಾಣಪತ್ರ ಕೊಡಬೇಕು. ಸಿಪಿಡಬ್ಲ್ಯುಡಿ ನಮೂನೆಯ ಷರತ್ತು 17ರಲ್ಲಿ ಅಷ್ಟು ಸ್ಪಷ್ಟವಾದ ಮಾತು ಇಲ್ಲ. ಆದರೂ ಮೊತ್ತವನ್ನು ಹೆಸರಿಸಿ ಎಂದು ಕೇಳಿದರೆ, ನಾಲ್ಕು ಸಾವಿರದ ಕೆಲಸಕ್ಕೆ ನಾಲ್ಕು ಲಕ್ಷ ತಡೆಯುವ ನೋಟ್ ಬರೆಯಲು ಯಾರೂ ಸುಲಭವಾಗಿ ಮುಂದಾಗುವುದಿಲ್ಲ. ಮೆಟ್ರೊದಂಥ ದೊಡ್ಡ ಕೆಲಸಗಳಲ್ಲಿ ಉಪಗುತ್ತಿಗೆ ಮಾಡುವವರು ತಮ್ಮ ಒಪ್ಪಂದ ಯಾವ ನಮೂನೆಯದೆಂದು ನೋಡಿಕೊಂಡು ಷರತ್ತಿನ ಸಂಖ್ಯೆ ಹಾಕಬೇಕು. ರಾಜ್ಯದ ಟೆಂಡರ್ ದಾಖಲೆಗಳಲ್ಲೂ ಸಂಖ್ಯೆಗಳು ಬೇರೆ. ಬೇರೆಯವರ ಪತ್ರದಿಂದ ಸಂಖ್ಯೆ ನಕಲು ಮಾಡಿದರೆ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ.

ಪತ್ರ ಕೊಟ್ಟ ಮೇಲೆ, ಜುಲೈ ಮೊದಲ ವಾರದಲ್ಲಿ ಇನ್ನೊಂದು ನೋಟಿಸ್ ಬಂತು. ನಲ್ಲಿಗಳ ವಾಷರ್ ಸೋರಿಕೆ, ಒಂದು ಫ್ಲಶ್ ವಾಲ್ವ್, ಒಡೆದ ಕಿಟಕಿ ಗಾಜು, ಎರಡು ಸ್ವಿಚ್. ಮೊದಲ ಓದಿಗೆ ಹೊಟ್ಟೆ ಉರಿದದ್ದು ನಿಜ. ಅವಧಿ ಮುಗಿದ ಮೇಲೆ ಬಂದ ನೋಟಿಸು, ಅದೂ ವರ್ಷವಿಡೀ ಬಳಸಿ ಸವೆದ ಸಾಮಾನುಗಳಿಗೆ. ಇಲ್ಲಿ ದೋಷ ಯಾವುದು, ನಿರ್ವಹಣೆ ಯಾವುದು ಎಂಬ ವ್ಯತ್ಯಾಸವನ್ನು ಬರೆದು ಹೇಳಬೇಕು. ಜೋಡಣೆಯಲ್ಲಿ ಸೋರುವ ಪೈಪ್ ಕೆಲಸದ ದೋಷ. ವಾಷರ್ ಸವೆಯುವುದು ಬಳಕೆ. ಗಾಜು ಒಡೆದದ್ದು ಹೊರಗಿನ ಪೆಟ್ಟು. ನಾವು ನಲ್ಲಿ, ಫ್ಲಶ್ ವಾಲ್ವು, ಸ್ವಿಚ್ಚುಗಳನ್ನು ಸರಿಮಾಡಿಸಿಕೊಟ್ಟು, “ಇವು ಅವಧಿಯ ನಂತರ ತಿಳಿಸಿದ ನಿರ್ವಹಣಾ ಕೆಲಸಗಳು, ಷರತ್ತು 17ರ ಹೊಣೆ ಒಪ್ಪದೆ ಸೌಜನ್ಯಕ್ಕಾಗಿ ಮಾಡಲಾಗಿದೆ” ಎಂದು ಉತ್ತರಿಸಿದೆವು. ಗಾಜನ್ನು ಒಪ್ಪಲಿಲ್ಲ. ಆ ಒಂದು ಸಾಲು ಬರೆಯದೆ ಕೆಲಸ ಮಾಡಿದ್ದರೆ ಅವಧಿ ಇನ್ನೂ ನಡೆಯುತ್ತಿದೆ ಎಂದು ನಾವೇ ಒಪ್ಪಿಕೊಂಡಂತೆ ಆಗುತ್ತಿತ್ತು. ಖರ್ಚು ಸಣ್ಣದಾಗಿದ್ದರೆ ಹೀಗೆ ಮಾಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ದೊಡ್ಡದಾಗಿದ್ದರೆ ಕೆಲಸಕ್ಕೆ ಕೈಹಾಕದೆ ಷರತ್ತಿನ ಮೇಲೆ ನಿಲ್ಲಬೇಕು.

ದಿನಾಂಕದ ವಿಷಯ ಇಂಜಿನಿಯರಿಂಗ್ ಶಾಖೆಯಿಂದ ಲೆಕ್ಕ ಶಾಖೆಗೆ, ಅಲ್ಲಿಂದ ವಾಪಸ್ ಹೋಗಿ ಬಂತು. ಕೊನೆಗೆ ಷರತ್ತು 17ರ ಪುಟದ ಪ್ರತಿಯಲ್ಲಿ ‘ಅಂತಿಮ ಅಥವಾ ಇತರ’ ಎಂಬ ಮಾತಿನ ಕೆಳಗೆ ಗೆರೆ ಎಳೆದು, ಜೊತೆಗೆ ತಾತ್ಕಾಲಿಕ ಪ್ರಮಾಣಪತ್ರ ಇಟ್ಟು ಮತ್ತೆ ಕೊಟ್ಟ ಮೇಲೆ ಅದು ಒಪ್ಪಿಗೆಯಾಯಿತು. ಈ ಎರಡು ಪುಟ ಮೊದಲ ಪತ್ರದ ಜೊತೆಗೇ ಹೋಗಬೇಕು. ಒಪ್ಪಂದದ ಪೂರ್ತಿ ಪುಸ್ತಕ ಲೆಕ್ಕ ಶಾಖೆಯ ಮೇಜಿನ ಮೇಲೆ ಇರುವುದಿಲ್ಲ.

ಇದಾದ ಮೇಲೆ ಬೇರೆ ಕೆಲಸಗಳಲ್ಲಿ ನಮ್ಮಿಂದ ವಸೂಲಿ ಏನಾದರೂ ಬಾಕಿ ಇದೆಯೇ ಎಂಬ ವಿಚಾರಣೆ. ಷರತ್ತು 29 ಈ ಒಪ್ಪಂದದ ಬಾಕಿಗೂ, 29ಎ ಇತರ ಒಪ್ಪಂದಗಳ ಬಾಕಿಗೂ ಹಣ ತಡೆಯುವ ಹಕ್ಕನ್ನು ಕೊಡುತ್ತವೆ. ಅದೇ ಸಂಸ್ಥೆಯಲ್ಲಿ ನಮ್ಮ ಹಳೆಯ ಕೆಲಸವೊಂದಕ್ಕೆ ವಿದ್ಯುತ್ ಬಳಕೆಯ ಬಾಕಿ ತೋರಿಸುತ್ತಿತ್ತು. ಫೈನಲ್ ಬಿಲ್ಲಿನಲ್ಲಿ ಅದು ಕಡಿತವಾಗಿದ್ದ ಪುಟವನ್ನು ತೋರಿಸಿದ ಮೇಲೆ ಬಿಟ್ಟರು. ಒಂದೇ ಕಚೇರಿಯಲ್ಲಿ ಎರಡು ಮೂರು ಕೆಲಸ ಮಾಡಿದವರು ಪ್ರತಿಯೊಂದರ ಬಾಕಿ ಇಲ್ಲದ ಟಿಪ್ಪಣಿಯನ್ನು ಮೊದಲೇ ಪಡೆದಿರುವುದು ಒಳ್ಳೆಯದು.

ಪಾವತಿ ಚೀಟಿ ಸಿದ್ಧವಾಗುವಾಗ ಮತ್ತೆ ಟಿಡಿಎಸ್ ಹಾಗೂ ಕಾರ್ಮಿಕ ಸೆಸ್ ಕಡಿತ ತೋರಿಸಿದ್ದರು. ಇದು ಹೊಸ ಕೆಲಸದ ಹಣವಲ್ಲ. ಆರ್‌ಎ ಬಿಲ್ಲಿನ ಒಟ್ಟು ಮೊತ್ತದ ಮೇಲೆ ಆದಾಯ ತೆರಿಗೆಯ ಟಿಡಿಎಸ್, ಜಿಎಸ್‌ಟಿ ಟಿಡಿಎಸ್, ಶೇ. 1ರ ಸೆಸ್ ಎಲ್ಲ ಆಗಲೇ ಕಡಿತವಾಗಿವೆ. ನಾವು ಇನ್‌ವಾಯ್ಸ್ ಕೊಟ್ಟದ್ದೂ ಒಟ್ಟು ಮೊತ್ತಕ್ಕೇ. ಅನುಬಂಧ 4ರಲ್ಲಿ ಬಿಲ್ಲುವಾರು ಕೋಷ್ಟಕಕ್ಕೆ ಟಿಡಿಎಸ್‌ನ ಕಾಲಂ ಸೇರಿಸಿದ್ದರಿಂದ ಮಾತು ಬೆಳೆಯದೆ ತಿದ್ದುಪಡಿ ಆಯಿತು. ಡೆಪಾಸಿಟ್ ವಾಪಸಾತಿಗೆ ಹೊಸ ಇನ್‌ವಾಯ್ಸ್ ಕೇಳಿದರೂ ಕೊಡಬೇಡಿ, ಕೊಟ್ಟರೆ ಜಿಎಸ್‌ಟಿ ಎರಡು ಸಲ ಕಟ್ಟಬೇಕಾಗುತ್ತದೆ. ಕೊಡಬೇಕಾದದ್ದು ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿದ ಮುಂಗಡ ರಸೀದಿ ಮತ್ತು ರದ್ದುಮಾಡಿದ ಚೆಕ್ಕು. ಖಾತೆಯ ಹೆಸರು ಒಪ್ಪಂದದಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು, ಒಂದು ‘ಅಂಡ್’ ಹೆಚ್ಚು ಕಡಿಮೆಯಾದರೂ ಪಾವತಿ ತಿರುಗಿ ಬರುವ ಸಂಭವ ಇದೆ.

ಪಾವತಿ ಆದದ್ದು 4,75,000 ಪೂರ್ತಿ. ಹಿಡಿದಿದ್ದ ಕಾಲಕ್ಕೆ ಬಡ್ಡಿ ಇಲ್ಲ, ಒಪ್ಪಂದದಲ್ಲಿ ಅದಕ್ಕೆ ಅವಕಾಶವೂ ಇಲ್ಲ. ತಡವಾಗಿಯಾದರೂ ಬರುತ್ತದೆ ಎಂದು ವರ್ಷಗಟ್ಟಲೆ ಸುಮ್ಮನಿರುವವರಿಗೆ ಒಂದು ಎಚ್ಚರಿಕೆ: ಕೇಂದ್ರದ ಕಾಮಗಾರಿ ಲೆಕ್ಕ ನಿಯಮಗಳಲ್ಲಿ ಮೂರು ಪೂರ್ಣ ಲೆಕ್ಕ ವರ್ಷ ಯಾರೂ ಕೇಳದೆ ಉಳಿದ ಡೆಪಾಸಿಟನ್ನು ಸರ್ಕಾರದ ಆದಾಯಕ್ಕೆ ಜಮಾ ಮಾಡಿಬಿಡುತ್ತಾರೆ. ಆಮೇಲೂ ಕೇಳಬಹುದು, ಆದರೆ ಮಂಜೂರಾತಿಗೆ ಬೇರೆಯೇ ದಾರಿ, ಹಳೆಯ ರಿಜಿಸ್ಟರಿನ ಜಮಾ ನಮೂದನ್ನು ಹುಡುಕಿಸಿ ತಾಳೆ ಮಾಡಿಸಬೇಕು. ಪತ್ರಕ್ಕೆ ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ನಿಮ್ಮ ಪತ್ರದ ಮೇಲಿನ ನೋಟ್ ಶೀಟಿನ ಪ್ರತಿ ಕೇಳಿ. ಫೈಲು ಯಾವ ಮೇಜಿನಲ್ಲಿ, ಯಾವ ಆಕ್ಷೇಪಣೆಗೆ ನಿಂತಿದೆ ಎಂದು ಅದರಿಂದ ತಿಳಿಯುತ್ತದೆ.

ಜಲನಿರೋಧಕದ 62,000ರಲ್ಲಿ ಅರ್ಧ, ಅಂದರೆ 31,000, ಕೇಳಲು ಹಕ್ಕು ಬರುವುದು 2027ರ ಮೇ 31ರ ನಂತರ. ಇದಕ್ಕೆ ಮಾತ್ರ ಎಣಿಕೆ ಕೆಲಸ ಮುಗಿದ ದಿನದಿಂದ, ಪ್ರಮಾಣಪತ್ರದ ದಿನದಿಂದಲ್ಲ. ಆ ಪತ್ರಕ್ಕೆ ಬೇಕಾಗುವುದು ಗ್ಯಾರಂಟಿ ಬಾಂಡಿನ ಪ್ರತಿ, ಫೈನಲ್ ಬಿಲ್ಲಿನ ಕಡಿತದ ಪುಟ, ಮತ್ತು ಪ್ರತಿ ಮಳೆಗಾಲದ ನಂತರ ಟೆರೇಸ್ ಒಣಗಿದೆ ಎಂದು ನಿಲಯದ ಮೇಲ್ವಿಚಾರಕರು ಸಹಿ ಹಾಕಿದ ಟಿಪ್ಪಣಿ. ಮೊದಲ ಮಳೆಗಾಲದ್ದಕ್ಕೆ ಖುರ್ರಾದ ಜಂಟಿ ಪರಿಶೀಲನಾ ಟಿಪ್ಪಣಿ ಇದೆ, ಮುಂದಿನ ಮಳೆಗಾಲಗಳದ್ದನ್ನು ಆಯಾ ವರ್ಷದ ನವೆಂಬರಿನಲ್ಲಿ ಪಡೆಯಬೇಕು.